ಜಿಡಿ ಮುಗಿದು ವಾರವಾಯಿತು, ರಿಸಲ್ಟ್ ಯಾವಾಗ ಅಂತ ಕೇಳುವುದು ಹೇಗೆ?

ಪುಣೆಯ ಹಿಂಜವಡಿಯ ಒಂದು ಕಂಪನಿಯಲ್ಲಿ ಜಿಡಿ, ಅಂದರೆ ಗುಂಪು ಚರ್ಚೆಯ ಸುತ್ತು, ಮುಗಿಸಿಕೊಂಡು ನನ್ನ ಚಿಕ್ಕಪ್ಪನ ಮಗಳು ವಾಕಡ್‌ನ ನಮ್ಮ ಮನೆಗೆ ಬಂದಾಗ ಸಂಜೆ ಏಳಾಗಿತ್ತು. ಬುಧವಾರ. ಟ್ರಾಫಿಕ್‌ನಲ್ಲಿ ಕೂತು ಕೂತು ಮುಖ ಬಾಡಿತ್ತು. ಚಹಾ ಕೊಟ್ಟು ಕೇಳಿದೆ.

"ರಿಸಲ್ಟ್ ಯಾವಾಗ ಅಂದ್ರು?"

"ವಾರದೊಳಗ ಹೇಳ್ತೀವಿ ಅಂದ್ರು ಅಣ್ಣಾ."

"ಯಾರು ಅಂದ್ರು?"

"ಅಲ್ಲೇ ಒಬ್ರು ಮೇಡಂ ಇದ್ರು."

"ಅವರ ಹೆಸರು? ಮೇಲ್ ಮಾಡ್ತಾರೋ, ಫೋನ್ ಮಾಡ್ತಾರೋ?"

ಅದು ಅವಳಿಗೆ ಗೊತ್ತಿರಲಿಲ್ಲ. ಗದಗಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವಳು, ಇಪ್ಪತ್ತು ನಿಮಿಷ ಚರ್ಚೆ ಮಾಡಿ, ಹಾಜರಿ ಪಟ್ಟಿಗೆ ಸಹಿ ಹಾಕಿ ಹೊರಗೆ ಬಂದಿದ್ದಳು. ನಾನು ಕೆಲವು ವರ್ಷ ಪುಣೆಯಲ್ಲೇ ಒಂದು ಕಂಪನಿಯ ನೇಮಕಾತಿ ವಿಭಾಗದಲ್ಲಿದ್ದವನು. "ನನ್ನ ರಿಸಲ್ಟ್ ಏನಾಯಿತು ಸರ್" ಅನ್ನುವ ಮೇಲ್‌ಗಳನ್ನು ರಾಶಿ ರಾಶಿ ಓದಿದ್ದೇನೆ. ಅವುಗಳಲ್ಲಿ ಯಾವುದಕ್ಕೆ ಉತ್ತರ ಕೊಡುತ್ತಿದ್ದೆವು, ಯಾವುದನ್ನು ಹಾಗೇ ಬಿಡುತ್ತಿದ್ದೆವು ಅನ್ನುವುದು ಗೊತ್ತು. ತಂಗಿಯ ಆ ಎರಡು ವಾರಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು: ಅಲ್ಲಿಂದ ಹೊರಡುವ ಮುಂಚೆಯೇ ಕೇಳಿ

ಜಿಡಿಗೆ ಹೋದರೆ ಬಾಗಿಲ ಬಳಿ ಹೆಸರು ಕರೆದು, ಸಹಿ ಹಾಕಿಸಿಕೊಳ್ಳುವವರು ಒಬ್ಬರು ಇರುತ್ತಾರೆ. ಸಾಮಾನ್ಯವಾಗಿ ಎಚ್‌ಆರ್ ತಂಡದ ಕಿರಿಯರು. ಕೇಳಬೇಕಾದದ್ದು ಅವರನ್ನು. ಒಳಗೆ ಕೂತು ಅಂಕ ಹಾಕಿದ ಪ್ಯಾನೆಲ್‌ನವರನ್ನಲ್ಲ. ಪ್ಯಾನೆಲ್‌ನವರು ಬೇರೆ ವಿಭಾಗದಿಂದ ಆ ದಿನಕ್ಕೆ ಬಂದಿರುತ್ತಾರೆ. ರಿಸಲ್ಟ್ ಮೇಲ್ ಯಾವಾಗ ಹೋಗುತ್ತದೆ ಅನ್ನುವುದು ಅವರಿಗೂ ತಿಳಿದಿರುವುದಿಲ್ಲ.

ಏನು ಕೇಳಬೇಕು? ಸುಮಾರು ಯಾವ ತಾರೀಖಿಗೆ ತಿಳಿಸುತ್ತೀರಿ, ಮೇಲ್‌ನಲ್ಲೋ ಫೋನ್‌ನಲ್ಲೋ, ಅಷ್ಟರಲ್ಲಿ ಬರದಿದ್ದರೆ ಯಾವ ವಿಳಾಸಕ್ಕೆ ಬರೆಯಲಿ. ಇವು ಎಲ್ಲರಿಗೂ ಹೊಳೆಯುತ್ತವೆ. ಬಹಳ ಜನ ಮರೆಯುವ ಪ್ರಶ್ನೆ ಇನ್ನೊಂದಿದೆ: "ಆಯ್ಕೆಯಾಗದವರಿಗೂ ಮೇಲ್ ಬರುತ್ತಾ?" ಎಷ್ಟೋ ಕಂಪನಿಗಳು ಮುಂದಿನ ಸುತ್ತಿಗೆ ಬಂದವರಿಗೆ ಮಾತ್ರ ತಿಳಿಸುತ್ತವೆ. ಉಳಿದವರಿಗೆ ಏನೂ ಬರುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ಮುಂದೆ ಬರುವ ಮೌನಕ್ಕೆ ಏನರ್ಥ ಅಂತ ನೀವೇ ಹೇಳಿಕೊಳ್ಳಬಹುದು. ಗೊತ್ತಿಲ್ಲದಿದ್ದರೆ ತಿಂಗಳುಗಟ್ಟಲೆ ಮೇಲ್ ತೆರೆದು ನೋಡುವುದೇ ಆಗುತ್ತದೆ.

ಆನ್‌ಲೈನ್ ಆಪ್ಟಿಟ್ಯೂಡ್ ಟೆಸ್ಟ್ ಆದರೆ ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಆಗ ಟೆಸ್ಟ್‌ನ ಲಿಂಕ್ ಬಂದ ಮೇಲ್ ಅನ್ನು ಕೊನೆಯ ಸಾಲಿನವರೆಗೂ ಓದಿ. ಮುಂದಿನ ಹಂತ ಯಾವಾಗ, ಯಾರನ್ನು ಸಂಪರ್ಕಿಸಬೇಕು ಅನ್ನುವುದು ಅಲ್ಲಿ ಸಣ್ಣ ಅಕ್ಷರದಲ್ಲಿ ಇದ್ದರೂ ಇರಬಹುದು.

ಇನ್ನೊಂದು ಮಾತು. ಟೆಸ್ಟ್ ಮಧ್ಯೆ ಕರೆಂಟ್ ಹೋಗಿದ್ದರೆ, ಸ್ಕ್ರೀನ್ ನಿಂತುಹೋಗಿದ್ದರೆ, ಅದನ್ನು ಅದೇ ದಿನ ಬರೆಯಬೇಕು. ಸ್ಕ್ರೀನ್‌ಶಾಟ್ ಮತ್ತು ಸಮಯದ ಜೊತೆ. ಹತ್ತು ದಿನ ಬಿಟ್ಟು ರಿಸಲ್ಟ್ ಕೇಳುವಾಗ "ಅವತ್ತು ನೆಟ್ ಹೋಗಿತ್ತು" ಅಂದರೆ ಅದು ನೆಪದ ಹಾಗೆ ಕೇಳಿಸುತ್ತದೆ, ನಿಜವೇ ಆಗಿದ್ದರೂ.

ಒಳಗೆ ತಡ ಆಗುವುದು ಎಲ್ಲಿ

ಟೆಸ್ಟ್ ಮುಗಿದ ಕೂಡಲೇ ಕಂಪ್ಯೂಟರ್ ಅಂಕ ಕೂಡಿಸಿಬಿಡುತ್ತದೆ, ಮತ್ತೆ ಯಾಕೆ ತಡ ಅಂತ ಹುಡುಗರು ಕೇಳುತ್ತಾರೆ. ಅಂಕ ಸಿದ್ಧವಿರುತ್ತದೆ, ನಿಜ. ಆದರೆ ಟೆಸ್ಟ್ ಒಂದೇ ದಿನ ಮುಗಿಯುವುದಿಲ್ಲ. ಶನಿವಾರ ಒಂದು ಸ್ಲಾಟ್, ಭಾನುವಾರ ಇನ್ನೊಂದು, ತೊಂದರೆಯಾದವರಿಗೆ ಮುಂದಿನ ವಾರ ಮತ್ತೊಂದು. ಕೊನೆಯ ಸ್ಲಾಟ್ ಮುಗಿಯುವವರೆಗೆ ಕಟ್ ಆಫ್ ಎಲ್ಲಿಡಬೇಕು ಅಂತ ತೀರ್ಮಾನ ಆಗುವುದಿಲ್ಲ. ಮುಂದಿನ ಸುತ್ತಿಗೆ ಎಷ್ಟು ಜನ ಬೇಕು ಅನ್ನುವುದರ ಮೇಲೆ ಕಟ್ ಆಫ್ ಮೇಲೆ ಕೆಳಗೆ ಆಗುತ್ತದೆ. ಕ್ಯಾಮೆರಾ ಇಟ್ಟು ನಡೆಸಿದ ಟೆಸ್ಟ್ ಆದರೆ ಇನ್ನೊಂದು ಕೆಲಸ ಇದೆ. ಪರದೆ ಬದಲಿಸಿದವರು, ಪಕ್ಕಕ್ಕೆ ನೋಡಿದವರು ಅಂತ ಗುರುತು ಬಿದ್ದ ವಿಡಿಯೊಗಳನ್ನು ಯಾರಾದರೂ ಕೂತು ನೋಡಬೇಕು.

ಜಿಡಿಯಲ್ಲಿ ಕಥೆ ಬೇರೆ. ಹತ್ತು ಜನರ ಗುಂಪು ಹೊರಗೆ ಹೋದ ಐದು ನಿಮಿಷದಲ್ಲಿ ಪ್ಯಾನೆಲ್‌ನವರ ಹಾಳೆ ತುಂಬಿರುತ್ತದೆ. ಎಷ್ಟೋ ಕಡೆ ಅದೇ ಸಂಜೆ ಹೆಸರು ಓದಿಬಿಡುತ್ತಾರೆ. ಓದದೆ "ತಿಳಿಸುತ್ತೇವೆ" ಅಂದರೆ ಸಾಮಾನ್ಯವಾಗಿ ಬೇರೆ ಊರಿನ ಗುಂಪುಗಳ ಜಿಡಿ ಇನ್ನೂ ಬಾಕಿ ಇರುತ್ತದೆ, ಇಲ್ಲವೇ ಎಷ್ಟು ಹುದ್ದೆ ತುಂಬಬೇಕು ಅಂತ ಮೇಲಿನವರ ಒಪ್ಪಿಗೆ ಬಂದಿರುವುದಿಲ್ಲ. ಎರಡನ್ನೂ ನಿಮ್ಮ ಮೇಲ್ ಬೇಗ ಮಾಡಿಸಲಾರದು.

ಹಾಗಾದರೆ ಕೇಳಿ ಏನು ಪ್ರಯೋಜನ? ತಾರೀಖು ಸಿಗುತ್ತದೆ. ರಿಸಲ್ಟ್ ಏನು ಅಂತ ಕೇಳಿದರೆ ಎಚ್‌ಆರ್ ಹೇಳುವ ಹಾಗಿರುವುದಿಲ್ಲ, ಹಾಗಾಗಿ ಸುಮ್ನಾಗುತ್ತಾರೆ. ಯಾವಾಗ ಅಂತ ಕೇಳಿದರೆ ಯಾರ ಒಪ್ಪಿಗೆಯೂ ಇಲ್ಲದೆ ಒಂದು ಸಾಲು ಬರೆಯಬಹುದು.

ದಿನ ಎಣಿಸುವ ಲೆಕ್ಕ

"ವಾರದೊಳಗೆ" ಅಂದರೆ ತಂಗಿಗೆ ಮುಂದಿನ ಬುಧವಾರ. ಅವಳು ಮಂಗಳವಾರ ರಾತ್ರಿಯೇ ಗದಗಿನಿಂದ ಫೋನ್ ಮಾಡಿದಳು. "ಇನ್ನೂ ಏನೂ ಬಂದಿಲ್ಲ ಅಣ್ಣಾ, ಒಂದು ಮೇಲ್ ಹಾಕಲಾ?" ಬೇಡ ಅಂದೆ. ಹೇಳಿದ ದಿನ ಮುಗಿಯಲಿ. ಅದರ ಮೇಲೆ ಒಂದೆರಡು ಕೆಲಸದ ದಿನ ಬಿಡಿ. ಅವರು ದಿನವೇ ಹೇಳದಿದ್ದರೆ ಐದರಿಂದ ಏಳು ಕೆಲಸದ ದಿನ ಕಾಯುವುದು ಸರಿ.

ಕೆಲಸದ ದಿನ ಅಂದರೆ ಇಲ್ಲಿನ ಕೆಲಸದ ದಿನ. ಐಟಿ ಕಂಪನಿಗಳಲ್ಲಿ ಶನಿವಾರ ಭಾನುವಾರ ಸಾಮಾನ್ಯವಾಗಿ ರಜೆ. ಮೇ 1 ಮಹಾರಾಷ್ಟ್ರ ದಿನ, ನಮ್ಮ ಯುಗಾದಿಯ ದಿನ ಇಲ್ಲಿ ಗುಡಿ ಪಾಡ್ವ. ಗಣೇಶನ ಹಬ್ಬದಲ್ಲಿ ಪುಣೆಯ ಲಯವೇ ಬೇರೆ. ಅನಂತ ಚತುರ್ದಶಿಯ ದಿನ ಮೆರವಣಿಗೆಗೆ ಪೇಟೆಯ ರಸ್ತೆಗಳೇ ಮುಚ್ಚುತ್ತವೆ. ಅಂಥ ವಾರದಲ್ಲಿ ಜಿಡಿ ಆಗಿದ್ದರೆ ಇನ್ನೂ ಎರಡು ಮೂರು ದಿನ ಸೇರಿಸಿಕೊಳ್ಳಿ.

ಕಾಯದೆ ಬರೆಯಬಹುದಾದ ಸಂದರ್ಭ ಒಂದೇ. ಕೈಯಲ್ಲಿ ಇನ್ನೊಂದು ಆಫರ್ ಇದ್ದು, ಅದಕ್ಕೆ ಉತ್ತರ ಕೊಡುವ ಗಡುವು ಹತ್ತಿರವಾಗಿದ್ದರೆ. ತಂಗಿಗೆ ಅದೂ ಆಯಿತು. ಆ ಮಂಗಳವಾರವೇ ಹುಬ್ಬಳ್ಳಿಯ ಒಂದು ಕಂಪನಿಯಿಂದ ಆಫರ್ ಪತ್ರ ಬಂದಿತ್ತು. ಮುಂದಿನ ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಸೋಮವಾರಕ್ಕೆ ಇನ್ನೂ ಸಮಯ ಇದ್ದದ್ದರಿಂದ ಶುಕ್ರವಾರದವರೆಗೆ ತಡೆದೆವು.

ಕೇಳುವ ಮುಂಚೆ ನಿಮ್ಮ ಪೆಟ್ಟಿಗೆ ನೋಡಿ

ಬಂದಿರುವ ಮೇಲ್ ನೋಡದೆ ಯಾಕೆ ಬಂದಿಲ್ಲ ಅಂತ ಕೇಳುವವರು ಜಾಸ್ತಿ ಜನ. ನೂರಾರು ಜನಕ್ಕೆ ಒಟ್ಟಿಗೆ ಹೋಗುವ ಮೇಲ್ ಜಿಮೇಲ್‌ನಲ್ಲಿ Spam ಅಥವಾ Promotions ಒಳಗೆ ಬೀಳುವುದು ಮಾಮೂಲು. ಕಂಪನಿಯ ಹೆಸರು ಹಾಕಿ ಪೂರ್ತಿ ಹುಡುಕಿ. ಅರ್ಜಿ ಹಾಕುವಾಗ ಯಾವ ಮೇಲ್ ವಿಳಾಸ ಕೊಟ್ಟಿದ್ದಿರಿ ಅಂತ ನೋಡಿ. ಕಾಲೇಜಿನ ಮೇಲ್ ಕೊಟ್ಟಿದ್ದು, ಪಾಸಾದ ಮೇಲೆ ಅದು ಬಂದ್ ಆಗಿದ್ದರೆ ಸಮಸ್ಯೆ ಅಲ್ಲೇ ಇದೆ.

ಪೋರ್ಟಲ್‌ನಲ್ಲಿ ಲಾಗಿನ್ ಆದರೆ ನಿಮ್ಮ ಅರ್ಜಿಯ ಮುಂದೆ Under Review ಅಂತಲೋ ಬೇರೇನೋ ಕಾಣುತ್ತದೆ. ಅದನ್ನು ಜಾಸ್ತಿ ನಂಬಬೇಡಿ. ಆ ಸಾಲನ್ನು ಒಬ್ಬರು ಬದಲಿಸಬೇಕು, ಬದಲಿಸಲು ಮರೆತಿರುತ್ತಾರೆ. ನೇಮಕಾತಿ ಪೂರ್ತಿ ಮುಗಿದ ಮೇಲೂ Under Review ಅಂತಲೇ ಇದ್ದ ಅರ್ಜಿಗಳನ್ನು ನಾನೇ ನೋಡಿದ್ದೇನೆ.

ಮಿಸ್ಡ್ ಕಾಲ್ ಪಟ್ಟಿಯನ್ನೂ ನೋಡಿ. 020 ಅಂತ ಶುರುವಾಗುವ ನಂಬರ್ ಇದ್ದರೆ ಅದು ಪುಣೆಯ ಲ್ಯಾಂಡ್‌ಲೈನ್. ವಾಪಸ್ ಫೋನ್ ಮಾಡಿದರೆ ಬಹುಪಾಲು ಕಂಪನಿಯ ಸ್ವಿಚ್‌ಬೋರ್ಡ್‌ಗೆ ಹೋಗುತ್ತದೆ, ಅಲ್ಲಿರುವವರಿಗೆ ನಿಮ್ಮನ್ನು ಯಾರು ಕರೆದರು ಅಂತ ಗೊತ್ತಿರುವುದಿಲ್ಲ. "ಫ್ರೆಶರ್ ನೇಮಕಾತಿ ನೋಡಿಕೊಳ್ಳುವ ಎಚ್‌ಆರ್‌ಗೆ ಕೊಡಿ" ಅಂತ ಕೇಳಬೇಕು.

ಯಾರಿಗೆ ಬರೆಯುವುದು

ಕಾಲೇಜಿನ ಮೂಲಕ ಹೋಗಿದ್ದರೆ ಕಂಪನಿಗೆ ನೇರವಾಗಿ ಬರೆಯಬೇಡಿ. ಪ್ಲೇಸ್‌ಮೆಂಟ್ ಆಫೀಸರ್ ಅವರನ್ನೇ ಕೇಳಿ. ನಾಲ್ಕಾರು ಕಾಲೇಜು ಸೇರಿದ ಪೂಲ್ ಡ್ರೈವ್ ಆಗಿದ್ದರೂ ಪಟ್ಟಿ ಬರುವುದು ಅವರ ಕೈಗೇ. ಒಂದೇ ಕಾಲೇಜಿನ ನಲವತ್ತು ಹುಡುಗರು ಬಿಡಿಬಿಡಿಯಾಗಿ ಬರೆದರೆ ಎಚ್‌ಆರ್ ಪ್ಲೇಸ್‌ಮೆಂಟ್ ಆಫೀಸರ್‌ಗೆ ಫೋನ್ ಮಾಡುತ್ತಾರೆ, ಅವರು ನಿಮಗೆ ಬೈಯುತ್ತಾರೆ. ಎಂಬಿಎ ಪ್ರವೇಶದ ಜಿಡಿ ಆಗಿದ್ದರೆ ಇಷ್ಟು ಯೋಚನೆಯೇ ಬೇಡ. ಸಂಸ್ಥೆಯ ವೆಬ್‌ಸೈಟ್‌ನಲ್ಲಿ ತಾರೀಖು ಹಾಕಿದ್ದಾರಾ ನೋಡಿ. ಹಾಕಿದ್ದರೆ ಅದಕ್ಕೂ ಮುಂಚೆ ಕೇಳುವಂಥದ್ದು ಏನೂ ಇಲ್ಲ.

ನೀವೇ ಅರ್ಜಿ ಹಾಕಿ ಹೋಗಿದ್ದರೆ, ಜಿಡಿಗೆ ಕರೆದ ಮೇಲ್ ಯಾರಿಂದ ಬಂತೋ ಅವರಿಗೇ, ಅದೇ ಮೇಲ್‌ಗೆ ಉತ್ತರವಾಗಿ ಬರೆಯಿರಿ. ಹೊಸ ಮೇಲ್ ಶುರು ಮಾಡಬೇಡಿ. ಹಳೆಯ ಮೇಲ್ ಕೆಳಗೇ ಇದ್ದರೆ ನೀವು ಯಾರು, ಯಾವ ಹುದ್ದೆ ಅನ್ನುವುದನ್ನು ಅವರು ಹುಡುಕಬೇಕಿಲ್ಲ. ವಿಳಾಸದಲ್ಲಿ noreply ಅಂತಿದ್ದರೆ ಉತ್ತರ ಯಾರಿಗೂ ತಲುಪುವುದಿಲ್ಲ. ಆಗ ಆ ಮೇಲ್‌ನ ಒಳಗೆ ಕೊಟ್ಟ ಸಂಪರ್ಕ ವಿಳಾಸ, ಅದೂ ಇಲ್ಲದಿದ್ದರೆ ಕಂಪನಿಯ ಕೆರಿಯರ್ಸ್ ಪುಟದಲ್ಲಿರುವ ವಿಳಾಸ ಹಿಡಿಯಿರಿ. ಟೆಸ್ಟ್ ನಡೆಸಿದ ಪ್ಲಾಟ್‌ಫಾರ್ಮ್‌ನವರ ಸಹಾಯವಾಣಿಗೆ ರಿಸಲ್ಟ್ ಕೇಳಿ ಬರೆದು ಉಪಯೋಗ ಇಲ್ಲ. ಅವರು ಅಂಕವನ್ನು ಕಂಪನಿಗೆ ಒಪ್ಪಿಸಿ ಸುಮ್ನಾಗುತ್ತಾರೆ.

ಮೇಲ್

ತಂಗಿ ಮೊದಲು ಬರೆದದ್ದು ಹೀಗಿತ್ತು. ಇಂಗ್ಲಿಷ್‌ನಲ್ಲಿ ಬರೆದಿದ್ದಳು, ಅರ್ಥ ಮಾತ್ರ ಕೊಡುತ್ತೇನೆ: "ಗೌರವಾನ್ವಿತ ಸರ್, ನಾನು ನಿಮ್ಮ ಕಂಪನಿಯ ಜಿಡಿಗೆ ಬಂದಿದ್ದೆ. ಚೆನ್ನಾಗಿ ಮಾತಾಡಿದ್ದೇನೆ ಅಂದುಕೊಂಡಿದ್ದೇನೆ. ನಿಮ್ಮ ಕಂಪನಿಯಲ್ಲಿ ಕೆಲಸ ಮಾಡುವುದು ನನ್ನ ಕನಸು. ದಯವಿಟ್ಟು ನನ್ನ ರಿಸಲ್ಟ್ ಆದಷ್ಟು ಬೇಗ ತಿಳಿಸಿ. ಇಲ್ಲಿ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ."

ಮನಸ್ಸಿನಲ್ಲಿದ್ದದ್ದೆಲ್ಲ ಬಂದಿದೆ. ಆದರೆ ಓದುವವರಿಗೆ ಬೇಕಾದ ಒಂದೂ ಇಲ್ಲ. ಯಾವ ಹುದ್ದೆ? ಯಾವ ದಿನದ ಜಿಡಿ? ರಿಜಿಸ್ಟ್ರೇಷನ್ ನಂಬರ್ ಏನು? ಎಚ್‌ಆರ್ ಮುಂದೆ ಇರುವುದು ನೂರಾರು ಸಾಲುಗಳ ಒಂದು ಎಕ್ಸೆಲ್ ಹಾಳೆ. ನಂಬರ್ ಇದ್ದರೆ ಅರ್ಧ ನಿಮಿಷದಲ್ಲಿ ಸಾಲು ಸಿಗುತ್ತದೆ. ಹೆಸರು ಮಾತ್ರ ಇದ್ದರೆ ಅದೇ ಹೆಸರಿನ ಆರು ಜನ ಸಿಗುತ್ತಾರೆ, ಆಮೇಲೆ ನೋಡೋಣ ಅಂತ ಮೇಲ್ ಮುಚ್ಚುತ್ತಾರೆ. ಆ ಆಮೇಲೆ ಬರುವುದಿಲ್ಲ. ಇನ್ನು ಬರೆದದ್ದು "ಸರ್" ಅಂತ, ಮೇಲ್ ಕಳಿಸಿದವರು ಮೇಡಂ. ಹೆಸರು ಮೇಲ್‌ನ ಕೊನೆಯಲ್ಲೇ ಇತ್ತು!

ಕೂತು ತಿದ್ದಿದೆವು. ಕೊನೆಗೆ ಹೋದದ್ದರ ಅರ್ಥ ಇದು:

> ನಮಸ್ಕಾರ ಮೇಡಂ,
>
> ಕಳೆದ ವಾರದ ಬುಧವಾರ ಹಿಂಜವಡಿ ಕಚೇರಿಯಲ್ಲಿ ಟ್ರೇನಿ ಹುದ್ದೆಯ ಜಿಡಿಯಲ್ಲಿ ಭಾಗವಹಿಸಿದ್ದೆ, ಸಂಜೆ 4ರ ಗುಂಪು. ನನ್ನ ರಿಜಿಸ್ಟ್ರೇಷನ್ ನಂಬರ್ ಕೆಳಗಿದೆ. ವಾರದೊಳಗೆ ತಿಳಿಸುವುದಾಗಿ ಅಂದು ಹೇಳಿದ್ದರು.
>
> ಈ ಸುತ್ತಿನ ಫಲಿತಾಂಶ ಸುಮಾರು ಯಾವಾಗ ಬರಬಹುದು, ಆಯ್ಕೆಯಾಗದವರಿಗೂ ಮೇಲ್ ಬರುತ್ತದೆಯೇ ಎಂದು ತಿಳಿಸುವಿರಾ?
>
> ನನಗೆ ಇನ್ನೊಂದು ಆಫರ್ ಬಂದಿದ್ದು, ಸೋಮವಾರದೊಳಗೆ ಉತ್ತರ ಕೊಡಬೇಕಿದೆ. ಅದಕ್ಕಾಗಿ ಕೇಳುತ್ತಿದ್ದೇನೆ.
>
> ಹೆಸರು, ರಿಜಿಸ್ಟ್ರೇಷನ್ ನಂಬರ್, ಮೊಬೈಲ್ ನಂಬರ್

ಇನ್ನೊಂದು ಆಫರ್‌ನ ಸಾಲು ನಿಜವಿದ್ದರೆ ಮಾತ್ರ ಹಾಕಿ. ಕಂಪನಿಯ ಹೆಸರು, ಸಂಬಳ ಬರೆಯಬೇಡಿ, ಬರೆದರೆ ಬೆದರಿಕೆಯಂತೆ ಕಾಣುತ್ತದೆ. ಸುಳ್ಳು ಆಫರ್ ಹಾಕಿದವರಿಗೆ ನಾವು ಏನು ಮಾಡುತ್ತಿದ್ದೆವು ಗೊತ್ತಾ? "ಹಾಗಾದರೆ ಅದನ್ನೇ ತೆಗೆದುಕೊಳ್ಳಿ, ನಮ್ಮದು ಇನ್ನೂ ತಡ" ಅಂತ ಬರೆಯುತ್ತಿದ್ದೆವು. ಅದಕ್ಕೆ ಅವರ ಬಳಿ ಉತ್ತರ ಇರುತ್ತಿರಲಿಲ್ಲ.

ಯಾಕೆ ಆಯ್ಕೆಯಾಗಲಿಲ್ಲ, ಎಷ್ಟು ಅಂಕ ಬಂತು ಅನ್ನುವುದನ್ನು ಈ ಮೇಲ್‌ನಲ್ಲಿ ಸೇರಿಸಬೇಡಿ. ಅದು ಬೇರೆ ಪ್ರಶ್ನೆ, ಬೇರೆ ದಿನ ಕೇಳಬೇಕಾದದ್ದು.

ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಕಳಿಸಿದಳು. ರಾತ್ರಿ ಹನ್ನೆರಡಕ್ಕೆ ಬರೆದು ಮುಗಿಸಿದ್ದರೂ ಬೆಳಗ್ಗೆ ಕಳಿಸಿ. ಸೋಮವಾರ ಬೆಳಗ್ಗೆ ಮಾತ್ರ ಬೇಡ, ಅವತ್ತು ಪೆಟ್ಟಿಗೆ ತುಂಬಿರುತ್ತದೆ.

ಬಂದ ಉತ್ತರ ಓದುವುದು

ನಾಲ್ಕೂವರೆಗೆ ಉತ್ತರ ಬಂತು. ಬೇರೆ ಊರುಗಳ ಗುಂಪುಗಳು ಬಾಕಿ ಇವೆ, ಮುಂದಿನ ವಾರದ ಕೊನೆಯೊಳಗೆ ಆಯ್ಕೆಯಾದವರಿಗೆ ತಿಳಿಸುತ್ತೇವೆ. ಎರಡೇ ಸಾಲು. "ಹಾಂಗಾದ್ರ ನಾ ಇದ್ದೀನಿ ಅಂತ ಅರ್ಥನಾ ಅಣ್ಣಾ?" ಅಂದಳು. ಅಲ್ಲ. ಇಲ್ಲ ಅಂತಲೂ ಅಲ್ಲ. ಆದರೆ "ಆಯ್ಕೆಯಾದವರಿಗೆ" ಅನ್ನುವ ಒಂದು ಪದದಲ್ಲಿ ಅವಳ ಎರಡನೇ ಪ್ರಶ್ನೆಗೆ ಉತ್ತರ ಇತ್ತು. ಮುಂದಿನ ಶುಕ್ರವಾರ ದಾಟಿಯೂ ಏನೂ ಬರದಿದ್ದರೆ ಇಲ್ಲ ಅಂತಲೇ ತಿಳಿದು ಮುಂದೆ ನಡೆಯಬಹುದು.

ತಾರೀಖು ಸಿಕ್ಕಿದ್ದರಿಂದ ಇನ್ನೊಂದು ಕೆಲಸ ಸಾಧ್ಯವಾಯಿತು. ಹುಬ್ಬಳ್ಳಿಯ ಕಂಪನಿಗೆ ಬರೆದು, ಉತ್ತರ ಕೊಡಲು ಮುಂದಿನ ವಾರದ ಶನಿವಾರದವರೆಗೆ ಸಮಯ ಕೇಳಿದಳು. ಅವರು ಗುರುವಾರ ಸಂಜೆವರೆಗೆ ಕೊಟ್ಟರು.

ಉತ್ತರವೇ ಬರದಿದ್ದರೆ? ನಾಲ್ಕೈದು ಕೆಲಸದ ದಿನ ಬಿಟ್ಟು, ಅದೇ ಮೇಲ್‌ನ ಕೆಳಗೆ ಎರಡು ಸಾಲಿನ ಇನ್ನೊಂದು ಮೇಲ್. ಫೋನ್ ನಂಬರ್ ಅವರೇ ಕೊಟ್ಟಿದ್ದರೆ ಅದರ ಬದಲು ಒಂದು ಫೋನ್, ಬೆಳಗ್ಗೆ ಹನ್ನೊಂದರ ಮೇಲೆ. ಮೊದಲು ಹೆಸರು, ನಂಬರ್, ಜಿಡಿಯ ದಿನ ಹೇಳಿ, ಮಾತಾಡಲು ಆಗುತ್ತದಾ ಅಂತ ಕೇಳಿ. ಹಿಂದಿಯೋ ಇಂಗ್ಲಿಷೋ ಅವರು ಯಾವುದರಲ್ಲಿ ಶುರು ಮಾಡುತ್ತಾರೋ ಅದರಲ್ಲೇ ಮುಂದುವರಿಯಿರಿ. ವಾಟ್ಸಾಪ್ ಅವರೇ ಮೊದಲು ಬಳಸಿದ್ದರೆ ಸರಿ, ಇಲ್ಲದಿದ್ದರೆ ಬೇಡ. ಎರಡು ಸಲ ಕೇಳಿಯೂ ಮೌನವಾದರೆ ಮೂರನೇ ಸಲ ಕೇಳಿ ಉತ್ತರ ಪಡೆದವರನ್ನು ನಾನು ನೋಡಿಲ್ಲ.

ಕಾಯುವ ಈ ದಿನಗಳಲ್ಲೇ ಇನ್ನೊಂದು ಥರದ ಫೋನ್ ಬರುತ್ತದೆ. "ನಿಮ್ಮ ಜಿಡಿ ರಿಸಲ್ಟ್ ಬಂದಿದೆ, ಸೆಲೆಕ್ಟ್ ಆಗಿದ್ದೀರಿ, ಲ್ಯಾಪ್‌ಟಾಪ್‌ಗೆ ಇಷ್ಟು ಡಿಪಾಸಿಟ್ ಕಟ್ಟಿ, ಆಮೇಲೆ ವಾಪಸ್ ಕೊಡುತ್ತೇವೆ." ಕಟ್ಟಬೇಡಿ. ಮೇಲ್ ಬಂದಿದ್ದರೆ @ ಆದ ಮೇಲಿನ ಭಾಗವನ್ನು ಜಿಡಿಗೆ ಕರೆದ ಮೇಲ್‌ನ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ಒಂದು ಅಕ್ಷರ ಬೇರೆ ಇದ್ದರೂ ಅದು ಆ ಕಂಪನಿಯದ್ದಲ್ಲ ಅಂತಲೇ ಎಣಿಸಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲೂ ದೂರು ಕೊಡಬಹುದು.

ಗುರುವಾರ ಬಂತು. ಪುಣೆಯಿಂದ ಏನೂ ಬರಲಿಲ್ಲ. ಕಂಪನಿ ಹೇಳಿದ ಗಡುವು ಇನ್ನೂ ಮುಗಿದಿರಲಿಲ್ಲ, ಹಾಗಾಗಿ ಮತ್ತೆ ಬರೆಯುವುದು ಬೇಡ ಅಂದೆ. ಇಲ್ಲಿ ಪಾಸಾದರೂ ಮುಂದೆ ಇಂಟರ್‌ವ್ಯೂ ಇದೆ, ಅಲ್ಲಿ ಕೈಯಲ್ಲಿ ಪತ್ರವೇ ಇದೆ. ಸಂಜೆ ಐದಕ್ಕೆ ಅವಳು ಹುಬ್ಬಳ್ಳಿಗೆ ಒಪ್ಪಿಗೆ ಕಳಿಸಿದಳು.

ಪುಣೆಯ ಮೇಲ್ ಬಂದದ್ದು ಅದರ ಮುಂದಿನ ಮಂಗಳವಾರ, ಅವರೇ ಹೇಳಿದ ಗಡುವು ದಾಟಿ. ಇಂಟರ್‌ವ್ಯೂಗೆ ಕರೆದಿದ್ದರು. ಚಿಕ್ಕಪ್ಪ ಒಂದಿಷ್ಟು ಹೊತ್ತು ಗೊಣಗಿದರು. ತಂಗಿ ಅದೇ ಮೇಲ್‌ನ ಕೆಳಗೆ, ಬೇರೆ ಕಡೆ ಸೇರಲು ಒಪ್ಪಿಕೊಂಡಿದ್ದೇನೆ, ನನ್ನ ಹೆಸರು ಪಟ್ಟಿಯಿಂದ ತೆಗೆಯಿರಿ, ಅಂದು ತಾರೀಖು ತಿಳಿಸಿದ್ದಕ್ಕೆ ಧನ್ಯವಾದ ಅಂತ ಬರೆದಳು. ರಿಜಿಸ್ಟ್ರೇಷನ್ ನಂಬರ್ ಈ ಸಲ ನಾನು ಹೇಳದೆಯೇ ಹಾಕಿದ್ದಳು.